ಹತ್ತು ಸೈಟು, ಒಂದೇ ಬಾಯಿ

ನಮ್ಮ ಇಳಕಲ್ಲಿನಲ್ಲಿ ಮೊದಲು ಓಣಿಗೆ ನಾಲ್ಕು ಮಗ್ಗ ಇದ್ದವು, ಈಗ ಓಣಿಗೆ ನಾಲ್ಕು ನ್ಯೂಸ್ ಸೈಟು. ಮಗ್ಗ ಹೂಡಬೇಕೆಂದರೆ ಕುಣಿ ತೋಡಬೇಕಿತ್ತು, ಹಾಸು ಹಾಕಬೇಕಿತ್ತು. ಸೈಟಿಗೆ ಅದ್ಯಾವುದೂ ಬೇಡ. ಒಂದು ಮೊಬೈಲು, ಬೈಕಿನ ಮುಂದೆ ಕೆಂಪಕ್ಷರದ ‘ಪ್ರೆಸ್’ ಸ್ಟಿಕ್ಕರು, ಕೇಳಿದವರು ಬೆಚ್ಚಿಬೀಳುವಂಥ ಒಂದು ಹೆಸರು, ಇಷ್ಟಾದರೆ ಮರುದಿನವೇ ‘ಪ್ರಧಾನ ಸಂಪಾದಕರು’. ಉಪಸಂಪಾದಕರನ್ನು ಮಾತ್ರ ನಾನು ಈವರೆಗೆ ಕಂಡಿಲ್ಲ. ಎಲ್ಲರೂ ನೇರವಾಗಿ ಪ್ರಧಾನರೇ.

ಇದನ್ನು ಹೊಟ್ಟೆಕಿಚ್ಚಿಗೆ ಹೇಳುತ್ತಿಲ್ಲ. ನಮ್ಮ ಅಳಿಯ, ಅಂದರೆ ತಂಗಿಯ ಮಗ, ಬಾಗಲಕೋಟೆಯ ನವನಗರದಲ್ಲಿ ರೂಮು ಹಿಡಿದು ಪಿಡಿಓ ಪರೀಕ್ಷೆಗೆ ಓದುತ್ತಾನೆ. ಓದುತ್ತಾನೆ ಅನ್ನುವುದು ಅವರವ್ವನ ಹೇಳಿಕೆ, ನಾನು ಖಾತ್ರಿ ಕೊಡಲಾರೆ. ರವಿವಾರಕ್ಕೊಮ್ಮೆ ಊಟಕ್ಕೆ ಬಂದವನು ರೊಟ್ಟಿ ಮುರಿಯುತ್ತ ಮೊಬೈಲು ಚಾಚುತ್ತಾನೆ.

“ಮಾಮಾ, ಬಾದಾಮಿ ಚಾಲುಕ್ಯರ ಬಗ್ಗೆ ಹತ್ತು ಸೈಟ್ ನೋಡೇನ್ರಿ. ಹತ್ತರಾಗೂ ಒಂದ ಬರದಾರ. ಹಂಗಾದ್ರ ಖರೇನ ಇರಬೇಕಲ್ಲ?”

“ಹತ್ತು ಮಂದಿ ಕಂಡು ಹೇಳ್ಯಾರೋ, ಒಬ್ಬಂವ ಹೇಳಿದ್ದನ್ನ ಒಂಬತ್ತು ಮಂದಿ ಒದರ್ಯಾರೋ, ಮೊದ್ಲ ಅದನ್ನ ನೋಡು. ಐಹೊಳಿ ಯಾವ ಜಿಲ್ಲಾ ಅಂತ ಬರದಾರ?”

ಬೆರಳು ಸರಿಸಿ ನೋಡಿದ. “ಬಿಜಾಪುರ ಜಿಲ್ಲಾ, ಹುನಗುಂದ ತಾಲೂಕ.”

“ಮುಂದಿನದು?”

“ಬಿಜಾಪುರ ಜಿಲ್ಲಾ... ಮಾಮಾ, ಇದೂ ಬಿಜಾಪುರ.”

ಬಾಗಲಕೋಟೆ ಬಿಜಾಪುರದಿಂದ ಬೇರೆಯಾಗಿ ಜಿಲ್ಲೆಯಾದದ್ದು 1997ರಲ್ಲಿ. ಬಿಜಾಪುರ ತನ್ನ ಹೆಸರನ್ನೇ ವಿಜಯಪುರ ಅಂತ ಬದಲಿಸಿಕೊಂಡದ್ದು 2014ರಲ್ಲಿ. ಕಳೆದ ವರ್ಷ ಹುಟ್ಟಿದ ಸೈಟು, ಬಿಜಾಪುರ ಅಖಂಡವಾಗಿದ್ದ ಕಾಲದ ವಿಳಾಸ ಬರೆಯುತ್ತದೆಂದರೆ ಬರೆದವನು ಐಹೊಳೆಗೆ ಬಂದೂ ಇಲ್ಲ, ಬರೆಯುವ ಮುಂಚೆ ಒಮ್ಮೆ ಓದಿಕೊಂಡೂ ಇಲ್ಲ. ಹಳೆಯದೊಂದು ಪುಸ್ತಕದಿಂದ ಎತ್ತಿದ್ದಾನೆ, ಇಲ್ಲವೇ ಎತ್ತಿದವನಿಂದ ಎತ್ತಿದ್ದಾನೆ. ಆ ಹಳೆಯ ಪುಸ್ತಕ ಯಾವುದಿರಬಹುದೆಂದು ಊಹಿಸುವುದೂ ಕಷ್ಟವಲ್ಲ. ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶವನ್ನು ಯಾರು ಬೇಕಾದರೂ ಬಳಸಿಕೊಳ್ಳಲಿ ಎಂದು ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟಿದೆ, ಅದು ಕನ್ನಡ ವಿಕಿಸೋರ್ಸಿನಲ್ಲಿ ಓದಲು ಸಿಗುತ್ತದೆ. ‘ಐಹೊಳೆ’ ಸ್ವರಾಕ್ಷರದ ನಮೂದು, ಅಂದರೆ ಮೊದಮೊದಲ ಸಂಪುಟಗಳ ಪಾಲು. ಆಗ ನಾವೆಲ್ಲ ಬಿಜಾಪುರದವರೇ. ವಿಶ್ವಕೋಶದ್ದು ತಪ್ಪಲ್ಲ, ವಿದ್ವಾಂಸರು ಕೂತು ಬರೆದದ್ದು, ಬರೆದಾಗ ಅದೇ ಸರಿ. ಅದನ್ನು ಹೆಸರು ಹೇಳದೆ ನಕಲು ಹೊಡೆದು, ಮೇಲೆ ಇವತ್ತಿನ ತಾರೀಖು ಅಂಟಿಸುವವರದು ಹುಳುಕು.

ಹಾಗಾಗಿ ನಮ್ಮ ಭಾಗದವರಿಗೆ ನಾನು ಹೇಳುವ ಉಪಾಯ ಒಂದೇ. ನಿಮಗೆ ಗೊತ್ತಿಲ್ಲದ್ದನ್ನು ಕಲಿಯಲು ಸೈಟು ಹುಡುಕುತ್ತೀರಲ್ಲ, ಮೊದಲು ನಿಮಗೆ ಗೊತ್ತಿರುವುದನ್ನು ಅದು ಹೇಗೆ ಬರೆದಿದೆ ನೋಡಿ. ನಮ್ಮ ಸೊಸೆಯಂದಿರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಇಳಕಲ್ ಸೀರೆಯ ಪುಟ ತೆರೆದವರೇ, ಮೈಯ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಕೂಡಿಸುವ ಮಾತು ಬಂದಿದೆಯೋ ಇಲ್ಲವೋ ನೋಡುತ್ತಾರೆ. ಅದಿಲ್ಲದೆ ಬರೀ ‘ಸಾಂಪ್ರದಾಯಿಕ ಸೊಬಗು, ಮನಮೋಹಕ ಬಣ್ಣ’ ಅಂತಿದ್ದರೆ, “ಇಂವಾ ಮಗ್ಗ ಕಂಡಾಂವಲ್ಲ” ಅಂತ ಮುಚ್ಚಿಬಿಡುತ್ತಾರೆ. ಇಳಕಲ್ ಸೀರೆ ಗೊತ್ತಿಲ್ಲದ ಸೈಟು ಇಡೀ ಭಾರತದ ಕೈಮಗ್ಗದ ಬಗ್ಗೆ ಪಾಠ ಹೇಳಿದರೆ ಎಷ್ಟು ನಂಬಬೇಕು ಎಂಬುದು ಅಲ್ಲಿಗೇ ತೀರ್ಮಾನ.

ಅಳಿಯನಿಗೆ ಮಾತ್ರ ಕಲ್ಲಿನ ಪರೀಕ್ಷೆ ಕೊಟ್ಟೆ. ನಮ್ಮ ಸುತ್ತ ಮೂರು ಶಾಸನಗಳಿವೆ, ತಾರೀಖು ಕೆತ್ತಿದಂಥವು. ಬಾದಾಮಿಯ ಬಂಡೆಯ ಮೇಲೆ ಮೊದಲನೆಯ ಪುಲಕೇಶಿಯದು ಶಕ 465. ಮೂರನೆಯ ಗುಹೆಯಲ್ಲಿ ಮಂಗಳೇಶನದು ಶಕ 500. ಐಹೊಳೆಯ ಮೇಗುತಿ ಗುಡಿಯಲ್ಲಿ ರವಿಕೀರ್ತಿಯದು ಶಕ 556. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ, ವರ್ಷದ ಕೊನೆಯ ತಿಂಗಳುಗಳಾದರೆ 79. ಅಲ್ಲಿಗೆ 543, 578, 634. ಐದನೇ ತರಗತಿಯ ಕೂಡುವ ಲೆಕ್ಕ. ಆದರೂ ನೋಡಿ, ‘ಕ್ರಿ.ಶ. 556ರ ಐಹೊಳೆ ಶಾಸನ’ ಅಂತ ಬರೆಯುವವರಿದ್ದಾರೆ. ಶಕವನ್ನು ಕ್ರಿಸ್ತಶಕ ಅಂತ ನುಂಗಿಬಿಟ್ಟಿದ್ದಾರೆ. ಹಾಗೆ ನುಂಗಿದರೆ ಇಮ್ಮಡಿ ಪುಲಕೇಶಿಯ ಹೊಗಳಿಕೆ ಅವನಪ್ಪ ಕೀರ್ತಿವರ್ಮ ಪಟ್ಟಕ್ಕೆ ಬರುವ ಮೊದಲೇ ಕಲ್ಲಿಗೆ ಬಿದ್ದಂತಾಗುತ್ತದೆ. ಇನ್ನು ಕೆಲವರು ಮೂರನೆಯ ಗುಹೆಯನ್ನು ‘ರಾಜ ಮಂಗಳೇಶ ಕಟ್ಟಿಸಿದ’ ಅನ್ನುತ್ತಾರೆ. 578ರಲ್ಲಿ ರಾಜ ಅವನ ಅಣ್ಣ ಕೀರ್ತಿವರ್ಮ. ಗುಹೆ ಕೊರೆಸಿದವನು ತಮ್ಮನೇ ಹೌದು, ಆದರೆ ಪಟ್ಟ ಇನ್ನೂ ಅವನದಲ್ಲ, ಶಾಸನವೇ ಅಣ್ಣನ ಆಳ್ವಿಕೆಯ ಹನ್ನೆರಡನೆಯ ವರ್ಷ ಅಂತ ಹೇಳುತ್ತದೆ.

ಅಳಿಯ ಹತ್ತು ಸೈಟನ್ನೂ ಈ ಲೆಕ್ಕಕ್ಕೆ ಹಚ್ಚಿದ. ಮಜಾ ಏನೆಂದರೆ, ತಪ್ಪಿದ್ದವೆಲ್ಲ ಒಂದೇ ಥರ ತಪ್ಪಿದ್ದವು. ಅದೇ ವಾಕ್ಯ, ಅದೇ ಅಲ್ಪವಿರಾಮ, ‘ರವಿಕೀರ್ತಿ’ಯಲ್ಲಿ ಅದೇ ಒಂದು ದೀರ್ಘ ಮಾಯ. ಸರಿ ಉತ್ತರ ಹತ್ತು ಕಡೆ ಒಂದೇ ಇದ್ದರೆ ಅದರಲ್ಲಿ ವಿಶೇಷವಿಲ್ಲ, ಸರಿ ಇರುವುದೇ ಒಂದು. ತಪ್ಪೂ ಒಂದೇ ಇತ್ತೆಂದರೆ ನಕಲು. ಪರೀಕ್ಷಾ ಹಾಲಿನಲ್ಲಿ ಮೇಷ್ಟ್ರುಗಳು ಕಾಪಿ ಹಿಡಿಯುವುದೂ ಹೀಗೆಯೇ.

“ಹಂಗಾದ್ರ ವಿಕಿಪೀಡಿಯಾ ಓದ್ಲೋ ಬ್ಯಾಡೋ?” ಅಂದ.

ಓದು, ಆದರೆ ಯಾವ ಪುಟ ಎಂಬುದನ್ನು ನೋಡಿ ಓದು. ಕನ್ನಡ ವಿಕಿಪೀಡಿಯ 2003ರಿಂದ ಇದೆ. ಅದರಲ್ಲಿ ಎರಡು ಜಾತಿಯ ಪುಟಗಳಿವೆ. ಒಂದು, ನಮ್ಮವರು ಪ್ರೀತಿಯಿಂದ ಕೂತು ಬರೆದು, ಅಡಿಗೆ ಉಲ್ಲೇಖ ಕೊಟ್ಟು, ಹತ್ತು ಜನ ತಿದ್ದಿದ್ದು. ಇನ್ನೊಂದು, 2009-10ರ ಸುಮಾರಿಗೆ ಗೂಗಲ್ ಕಂಪನಿ ದುಡ್ಡು ಕೊಟ್ಟು, ತನ್ನ ಅನುವಾದದ ಸಲಕರಣೆ ಹಿಡಿಸಿ ಇಂಗ್ಲಿಷಿನಿಂದ ರಾಶಿ ರಾಶಿ ಇಳಿಸಿದ್ದು. ಈ ಎರಡನೆಯ ಜಾತಿಯನ್ನು ಗುರುತಿಸುವುದು ಸುಲಭ. ಹಾಲಿವುಡ್ ನಟಿಯ ಬಗ್ಗೆಯೋ ದೂರದೇಶದ ಕಂಪನಿಯ ಬಗ್ಗೆಯೋ ಮೈಲುದ್ದದ ಪುಟ, ಒಂದೊಂದು ವಾಕ್ಯವೂ ಉಸಿರು ಕಟ್ಟುವಷ್ಟು ಉದ್ದ, ಕರ್ತೃ ಬಾಗಲಕೋಟೆಯಲ್ಲಿದ್ದರೆ ಕ್ರಿಯಾಪದ ಬೆಳಗಾವಿ ಬಸ್‌ಸ್ಟ್ಯಾಂಡಿನಲ್ಲಿ. ನಮ್ಮ ಅದೃಷ್ಟಕ್ಕೆ ಬಾದಾಮಿ, ಪಟ್ಟದಕಲ್ಲಿನಂಥವುಗಳ ಬಗ್ಗೆ ಬರೆಯಲು ಇಲ್ಲಿನವರೇ ಇದ್ದಾರೆ. ಪುಟದ ಮೇಲೆ ಇತಿಹಾಸದ ಕೊಂಡಿ ಇರುತ್ತದೆ, ಯಾರು ಯಾವತ್ತು ಏನು ತಿದ್ದಿದರು ಅಷ್ಟೂ ಅಲ್ಲಿದೆ. ಪಕ್ಕದಲ್ಲಿ ‘ಚರ್ಚೆ’ ಇರುತ್ತದೆ, ಅಲ್ಲಿ ಜಗಳ ನಡೆದಿದ್ದರೆ ಇನ್ನೂ ಒಳ್ಳೆಯದು, ಯಾವ ಸಂಗತಿ ಇತ್ಯರ್ಥವಾಗಿಲ್ಲ ಅಂತ ತಿಳಿಯುತ್ತದೆ. ನಕಲು ಸೈಟಿನಲ್ಲಿ ಈ ಎರಡೂ ಇರುವುದಿಲ್ಲ. ಇರುವುದು ಜಾಹೀರಾತು, ಮತ್ತೆ ‘ಹೆಚ್ಚಿನ ಮಾಹಿತಿಗೆ ನಮ್ಮ ಟೆಲಿಗ್ರಾಂ ಗ್ರೂಪ್ ಸೇರಿ’.

ಹುಡುಕುವುದರಲ್ಲೇ ನಮ್ಮ ಹುಡುಗರು ಎಡವುತ್ತಾರೆ. ಬರೀ ‘ಬಾದಾಮಿ’ ಅಂತ ಹೊಡೆದರೆ ಬಾದಾಮಿ ಹಾಲು, ಬಾದಾಮಿ ಹಲ್ವಾ, ನೆನೆಸಿದ ಬಾದಾಮಿ ಎಷ್ಟು ತಿನ್ನಬೇಕು ಎಂಬ ವೈದ್ಯಸಲಹೆ ಎಲ್ಲ ಬಂದ ಮೇಲೆ ಪುಲಕೇಶಿ ಬರುತ್ತಾನೆ. ಅಳಿಯನ ಮೊಬೈಲಿನಲ್ಲಿ ನಾನು ಹೀಗೆ ಹೊಡೆಸಿದೆ:

```
"ಐಹೊಳೆ" ಶಾಸನ ರವಿಕೀರ್ತಿ site:gov.in
```

ಕೊನೆಯ ತುಂಡಿನ ಅರ್ಥ, ಸರ್ಕಾರಿ ವಿಳಾಸದಲ್ಲಿದ್ದರೆ ಮಾತ್ರ ತೋರಿಸು ಅಂತ. gov.in ಮತ್ತು nic.in ಸರ್ಕಾರಕ್ಕೆ ಮೀಸಲು. ac.in ಕಾಲೇಜು, ವಿಶ್ವವಿದ್ಯಾಲಯಗಳಿಗೆ. ಇನ್ನು org, com, ಬರೀ in, ಇವನ್ನು ರೊಕ್ಕ ಕೊಟ್ಟರೆ ನಮ್ಮ ಓಣಿಯ ಪ್ರಧಾನ ಸಂಪಾದಕರೂ ತಗೋಬಹುದು. ‘org ಅಂದ್ರ ಸಂಸ್ಥಾ’ ಅಂತ ನಂಬಿ ಕೂಡಬೇಡಿ.

ಇಷ್ಟು ಮಾಡಿಯೂ ಸಿಗಲಿಲ್ಲ ಅಂದರೆ ಇಲ್ಲ ಅಂತಲ್ಲ. ನಮ್ಮ ಇಲಾಖೆಗಳು ವರ್ಷಗಟ್ಟಲೆ ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಟೈಪು ಮಾಡಿ ಪಿಡಿಎಫ್ ಏರಿಸಿವೆ. ಕಣ್ಣಿಗೆ ಅಚ್ಚ ಕನ್ನಡ, ಆದರೆ ಒಂದು ಪದ ಕಾಪಿ ಮಾಡಿ ಬೇರೆ ಕಡೆ ಅಂಟಿಸಿ ನೋಡಿ, ‘ಕನ್ನಡ’ ಎಂಬುದು `PÀ£ÀßqÀ` ಅಂತ ಬರುತ್ತದೆ. ಗೂಗಲ್ಲಿಗೂ ಹಾಗೆಯೇ ಕಾಣುವುದು. ಪಾಪ, ಅದು ಹೇಗೆ ಹುಡುಕಿ ಕೊಡಬೇಕು? ಅದಕ್ಕೇ ಒಳ್ಳೆಯದು ಮೂಲೆಯಲ್ಲಿ ಬಿದ್ದಿರುತ್ತದೆ, ಯೂನಿಕೋಡಿನಲ್ಲಿ ಬರೆದ ನಕಲು ಮೊದಲ ಪುಟದಲ್ಲಿ ಮೆರೆಯುತ್ತದೆ. ಇಂಥದಕ್ಕೆ ಹುಡುಕುವುದನ್ನು ಬಿಟ್ಟು ನೇರ ಬಾಗಿಲಿಗೇ ಹೋಗಬೇಕು. ಶಾಲೆಯ ಪಠ್ಯ ಬೇಕೆಂದರೆ ಕರ್ನಾಟಕ ಪಠ್ಯಪುಸ್ತಕ ಸಂಘದ ತಾಣದಲ್ಲಿ ಪುಸ್ತಕಗಳೇ ಇವೆ. ಸಾಮಾನ್ಯ ಓದಿಗೆ ಕರ್ನಾಟಕ ಜ್ಞಾನ ಆಯೋಗದ ಆಸರೆಯಲ್ಲಿ ಹುಟ್ಟಿದ ‘ಕಣಜ’. ನಿಘಂಟು, ಪರಿಭಾಷೆಗೆ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’. ವಿಜ್ಞಾನ ತಂತ್ರಜ್ಞಾನಕ್ಕೆ ಟಿ.ಜಿ. ಶ್ರೀನಿಧಿಯವರ ‘ಇಜ್ಞಾನ’. ಪಠ್ಯಪುಸ್ತಕ ಇಳಿಸಿಕೊಂಡಾಗ ಮುದ್ರಣದ ವರ್ಷ ಮಾತ್ರ ನೋಡಲೇಬೇಕು. ಸಮಾಜ ವಿಜ್ಞಾನ, ಕನ್ನಡದ ಪಾಠಗಳು 2022ರಲ್ಲೊಮ್ಮೆ ಬದಲಾದವು, ಸರ್ಕಾರ ಬದಲಾದ ಮೇಲೆ 2023ರಲ್ಲಿ ಮತ್ತೆ ಬದಲಾದವು. ಅಳಿಯನ ಮೊಬೈಲಿನಲ್ಲಿ ಎರಡೂ ಇದ್ದವು. ಯಾವುದನ್ನು ಓದಿದ್ದೀ ಅಂದರೆ, “ಯಾವ್ದು ಮೊದ್ಲ ಓಪನ್ ಆಗ್ತೈತೋ ಅದನ್ನ” ಅಂದ. ಅವರವ್ವನಿಗೆ ಇದನ್ನು ಹೇಳಿಲ್ಲ.

ಕೂಡಲಸಂಗಮ ನಮ್ಮ ಪಕ್ಕದ ಹುನಗುಂದ ತಾಲೂಕಿನಲ್ಲೇ ಇರುವುದರಿಂದ ಇನ್ನೊಂದು ಉಪದ್ರವ ನಮ್ಮ ಪಾಲಿಗಿದೆ. ದಿನಾ ಬೆಳಿಗ್ಗೆ ಶುಭೋದಯದ ಜೊತೆಗೊಂದು ‘ಬಸವಣ್ಣನವರ ವಚನ’. ಯಾರೋ ನಿನ್ನೆ ರಾತ್ರಿ ಬರೆದ ಬುದ್ಧಿಮಾತಿಗೆ ಕೊನೆಯಲ್ಲಿ ಕೂಡಲಸಂಗಮದೇವನ ಅಂಕಿತ ಹಚ್ಚಿದರೆ ವಚನ ತಯಾರು. ಇದಕ್ಕೆ `vachana.sanchaya.net` ಎಂಬ ಒಳ್ಳೆಯ ತಾಣವಿದೆ, ಸಾವಿರಾರು ವಚನಗಳನ್ನು ಪದ ಹಾಕಿ ಹುಡುಕಬಹುದು. ಇಡೀ ಸಾಲು ಹಾಕಬಾರದು, ಒಂದಕ್ಷರ ಹೆಚ್ಚುಕಮ್ಮಿಯಾದರೂ ಸಿಗುವುದಿಲ್ಲ. ಅಪರೂಪದ ಒಂದು ಪದ ಆರಿಸಿ ಹಾಕಬೇಕು. ಅಲ್ಲಿ ಸಿಗದಿದ್ದರೆ ‘ಖೊಟ್ಟಿ’ ಅಂತ ಅಲ್ಲೇ ಠರಾವು ಪಾಸು ಮಾಡಬೇಡಿ, ಪಾಠಾಂತರ ಇರಬಹುದು. ಎಂ.ಎಂ. ಕಲಬುರ್ಗಿಯವರು ಪ್ರಧಾನ ಸಂಪಾದಕರಾಗಿದ್ದ ಸಮಗ್ರ ವಚನ ಸಂಪುಟ 15 ಇವೆ, ದೊಡ್ಡ ಗ್ರಂಥಾಲಯದಲ್ಲಿ ಸಿಗುತ್ತವೆ, ಅಲ್ಲಿ ನೋಡಿ. ಅಲ್ಲಿಯೂ ಇಲ್ಲದ್ದನ್ನು ಬಸವಣ್ಣನ ಹೆಸರಿನಲ್ಲಿ ಮುಂದೆ ಕಳಿಸಲು ನಿಮಗೇನು ಅವಸರ?

ಈಗ ಸುದ್ದಿಗೆ ಬರೋಣ, ಯಾಕೆಂದರೆ ಪಕ್ಕದ ಮನೆಯ ಕಾಕಾ ಅಷ್ಟೊತ್ತಿಗೆ ಮೊಬೈಲು ಎತ್ತಿಕೊಂಡು ಕಟ್ಟೆಗೆ ಬಂದೇಬಿಟ್ಟರು. ಕಾಕಾನ ಹೊಲ ಐಹೊಳೆಯ ಕಡೆ, ಹೊಳೆದಂಡೆಯಲ್ಲಿದೆ.

“ತಮ್ಮಾ, ಆಲಮಟ್ಟಿಯಿಂದ ಒಂದ್ ಲಕ್ಷ ಟಿಎಂಸಿ ನೀರ್ ಬಿಟ್ಟಾರಂತ! ಪಟ್ಟದಕಲ್ಲ ಗುಡಿ ಮುಳಗ್ಯಾವಂತ! ವಿಡಿಯೋನೂ ಐತಿ!”

ಒಂದೇ ಸುದ್ದಿಯಲ್ಲಿ ಇಷ್ಟು ಕಲಿಯುವುದಿರುತ್ತದೆ ಅಂತ ನನಗೂ ಅನಿಸಿರಲಿಲ್ಲ. ಮೊದಲು ಹೊಳೆ ನೋಡಿ. ಪಟ್ಟದಕಲ್ಲು, ಐಹೊಳೆ ಇರುವುದು ಮಲಪ್ರಭೆಯ ದಂಡೆಯಲ್ಲಿ. ಮಲಪ್ರಭೆಗೆ ಅಣೆಕಟ್ಟು ಇರುವುದು ಮೇಲೆ, ಸವದತ್ತಿ ಹತ್ತಿರದ ನವಿಲುತೀರ್ಥದಲ್ಲಿ. ಆಲಮಟ್ಟಿ ಇರುವುದು ಕೃಷ್ಣೆಗೆ. ಮಲಪ್ರಭೆ ಕೃಷ್ಣೆಯನ್ನು ಕೂಡುವುದು ಕೂಡಲಸಂಗಮದಲ್ಲಿ, ಅದು ಆಲಮಟ್ಟಿಗಿಂತ ಕೆಳಗೆ. ಆಲಮಟ್ಟಿಯ ಗೇಟು ತೆಗೆದರೆ ಆ ನೀರು ಸಂಗಮದವರೆಗೆ ಇಳಿದು, ಅಲ್ಲಿಂದ ತಿರುಗಿ ಮಲಪ್ರಭೆಯಲ್ಲಿ ಮೇಲೇರಿ ಪಟ್ಟದಕಲ್ಲಿಗೆ ಬರಬೇಕು. ನೀರಿಗೆ ಅಷ್ಟು ಪುರುಸೊತ್ತಿಲ್ಲ. ಬಾಗಲಕೋಟೆ, ಬೀಳಗಿ ಕಡೆ ಆಲಮಟ್ಟಿ ಹಿನ್ನೀರು ನುಗ್ಗಿತೆಂದರೆ ನಂಬಬಹುದು, ಹಳೇ ಬಾಗಲಕೋಟೆ ಮುಳುಗಿದ್ದೇ ಅದರಿಂದ. ಮುಧೋಳ ಅಂದರೆ ಘಟಪ್ರಭೆ, ಹಿಡಕಲ್ ಡ್ಯಾಮು. ಪಟ್ಟದಕಲ್ಲಿಗೆ ಮಾತ್ರ ನವಿಲುತೀರ್ಥದ ಹೆಸರು ಬರಬೇಕು. ಹೊಳೆಯ ಹೆಸರೇ ಇಲ್ಲದ ಪ್ರವಾಹದ ಸುದ್ದಿ ಬೆಂಗಳೂರಿನಲ್ಲಿ ಕೂತು ಬರೆದದ್ದೋ, ನಿದ್ದೆಗಣ್ಣಿನಲ್ಲಿ ಬರೆದದ್ದೋ, ಎರಡರಲ್ಲೊಂದು.

ಆಮೇಲೆ ಲೆಕ್ಕ. ಟಿಎಂಸಿ ಅಂದರೆ ನೀರಿನ ರಾಶಿ, ನೂರು ಕೋಟಿ ಘನ ಅಡಿ. ಕ್ಯೂಸೆಕ್ ಅಂದರೆ ಹರಿವು, ಸೆಕೆಂಡಿಗೆ ಎಷ್ಟು ಘನ ಅಡಿ ಅಂತ. ಸುಮಾರು 11,574 ಕ್ಯೂಸೆಕ್ ನೀರು ಒಂದು ಹಗಲು ಒಂದು ರಾತ್ರಿ ಹರಿದರೆ ಒಂದು ಟಿಎಂಸಿ ಆಗುತ್ತದೆ. ಆಲಮಟ್ಟಿ 519.60 ಮೀಟರಿಗೆ ತುಂಬಿ ತುಳುಕಿದರೂ ಅದರಲ್ಲಿ ಹಿಡಿಯುವುದು 123 ಟಿಎಂಸಿ. ಅದರಿಂದ ಒಂದು ಲಕ್ಷ ಟಿಎಂಸಿ ಬಿಟ್ಟರೆಂದರೆ ಅರಬ್ಬೀ ಸಮುದ್ರಕ್ಕೇ ಪೈಪು ಹಾಕಿರಬೇಕು. ಒಂದು ಲಕ್ಷ ಕ್ಯೂಸೆಕ್ ಅಂತಿದ್ದರೆ ಅದು ಮಳೆಗಾಲದಲ್ಲಿ ಆಗುವ ಮಾತು. ಈ ಎರಡನ್ನು ಅದಲುಬದಲು ಮಾಡುವ ವರದಿ ಅಣೆಕಟ್ಟಿನ ಕಚೇರಿಯವರನ್ನು ಕೇಳಿ ಬರೆದದ್ದಲ್ಲ. ಮಟ್ಟದಲ್ಲೂ ಒಂದು ಗುರುತಿದೆ. ಆಲಮಟ್ಟಿಯದನ್ನು ಮೀಟರಿನಲ್ಲಿ ಹೇಳುವುದು ರೂಢಿ, ನವಿಲುತೀರ್ಥದ್ದನ್ನು ಅಡಿಯಲ್ಲಿ, ತುಂಬಿದರೆ 2,079.50 ಅಡಿ. ‘ಮಲಪ್ರಭಾ 519 ಮೀಟರ್’ ಅಂತ ಕಂಡರೆ ಯಾರದೋ ಅಂಕಿ ಯಾರಿಗೋ ಬಿದ್ದಿದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಜಲಾಶಯಗಳ ದಿನದ ಮಟ್ಟ, ಒಳಹರಿವು, ಹೊರಹರಿವು ಪ್ರಕಟಿಸುತ್ತದೆ. ಎರಡು ನಿಮಿಷದ ಕೆಲಸ.

ಉಳಿದದ್ದು ವಿಡಿಯೋ. ಅಳಿಯ ಇದರಲ್ಲಿ ಚುರುಕು. ವಿಡಿಯೋ ನಿಲ್ಲಿಸಿ, ಗುಡಿಯ ಶಿಖರ ಸ್ವಚ್ಛ ಕಾಣುವ ಕಡೆ ಸ್ಕ್ರೀನ್‌ಶಾಟ್ ತೆಗೆದು, ಗೂಗಲ್ ಲೆನ್ಸಿಗೆ ಹಾಕಿದ. ಅದೇ ದೃಶ್ಯ ಹಳೆಯ ವರದಿಗಳಲ್ಲಿ ಸಾಲಾಗಿ ಬಂತು, ಎಲ್ಲವೂ 2019ರ ಆಗಸ್ಟಿನವು. ಆ ವರ್ಷ ಮಲಪ್ರಭೆ ಖರೇನೇ ಪಟ್ಟದಕಲ್ಲಿನೊಳಗೆ ಬಂದಿತ್ತು, ನಾವೆಲ್ಲ ಕಂಡವರೇ. ಅಂದಿನಿಂದ ಮಳೆಗಾಲ ಬಂದಾಗೊಮ್ಮೆ ಆ ನೀರು ಮೊಬೈಲಿನಲ್ಲಿ ಮತ್ತೆ ಏರುತ್ತದೆ. ‘ಇವತ್ತಿನ ತಾರೀಖು ಹಾಕ್ಯಾರಲ್ಲ’ ಅಂತ ಕಾಕಾ ತಕರಾರು ತೆಗೆದರು. ಅದು ಪುಟ ಏರಿಸಿದ ತಾರೀಖು, ಹೊಳೆ ಏರಿದ್ದಲ್ಲ.

“ಆದ್ರ ಇವರದು ಆರ್‌ಎನ್‌ಐ ನೋಂದಣಿ ಐತಿ, ನೋಡ ಕೆಳಗ ಬರದಾರ” ಅಂದರು ಕಾಕಾ.

ಆ ನೋಂದಣಿ ಅಚ್ಚಾಗುವ ಪತ್ರಿಕೆಗೆ ಕೊಡುವಂಥದು, ವೆಬ್‌ಸೈಟಿಗಲ್ಲ. ಪತ್ರಿಕೆ ಇದ್ದರೆ ಅದರ ಒಂದು ಪ್ರತಿ ಕಣ್ಣಿಗೆ ಬೀಳಬೇಕಲ್ಲ? ಸೈಟಿನಲ್ಲಿ ನೋಡಬೇಕಾದ್ದು ಬೇರೆ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಡಿಜಿಟಲ್ ಸುದ್ದಿಯವರು ಕುಂದುಕೊರತೆ ಅಧಿಕಾರಿಯೊಬ್ಬರನ್ನು ಇಟ್ಟುಕೊಂಡು ಅವರ ಸಂಪರ್ಕ ವಿವರ ತೋರಿಸಬೇಕು, ದೂರು ಬಂದರೆ 15 ದಿನದೊಳಗೆ ತೀರ್ಮಾನ ಹೇಳಬೇಕು. ಕೆಳಗೆ ಆ ಹೆಸರಿದೆಯೇ, ಊರಿನ ವಿಳಾಸವಿದೆಯೇ, ವರದಿಯ ಮೇಲೆ ಬರೆದವರ ಹೆಸರಿದೆಯೇ ಅಥವಾ ಬರೀ ‘ಅಡ್ಮಿನ್’ ಅಂತಿದೆಯೇ ನೋಡಿ. ಎಲ್ಲಕ್ಕಿಂತ ಮೇಲು, ಹಿಂದೆ ಎಂದಾದರೂ ‘ತಿದ್ದುಪಡಿ’ ಹಾಕಿದ್ದಾರೆಯೇ ನೋಡಿ. ತಪ್ಪಾದ ಸುದ್ದಿಯನ್ನು ಸದ್ದಿಲ್ಲದೆ ಅಳಿಸುವವರಿಗಿಂತ, ಅಳಿಸದೆ ಕೆಳಗೆ ‘ಹೀಗಲ್ಲ, ಹೀಗೆ’ ಅಂತ ಬರೆಯುವವರನ್ನು ನಾನು ಹೆಚ್ಚು ನಂಬುತ್ತೇನೆ.

ಸಣ್ಣ ಸೈಟುಗಳನ್ನೆಲ್ಲ ಒಂದೇ ಕಟ್ಟಿಗೆ ಬಿಗಿಯುವುದೂ ನ್ಯಾಯವಲ್ಲ. ಐಹೊಳೆ ಸೇತುವೆಯ ಮೇಲೆ ನೀರು ಬಂತೆಂದರೆ ಮೊದಲು ಅಲ್ಲಿ ನಿಂತು ತೋರಿಸುವವನು ನಮ್ಮ ಸ್ಟಿಕ್ಕರಿನ ಹುಡುಗನೇ, ಬೆಂಗಳೂರಿನ ದೊಡ್ಡ ಸ್ಟುಡಿಯೋದವನಲ್ಲ. ಅವನ ಸಂಕಟ ಬೇರೆ, ಸಂಬಳವಿಲ್ಲ, ಇರುವುದು ಜಾಹೀರಾತು. ಅದಕ್ಕೇ ಸೇತುವೆಯ ಸುದ್ದಿಯಲ್ಲಿ ಅವನು ಗಟ್ಟಿ, ಜಾಹೀರಾತು ಕೊಟ್ಟ ಗುತ್ತಿಗೆದಾರನ ರಸ್ತೆಯ ಸುದ್ದಿಯಲ್ಲಿ ಮೆತ್ತಗೆ. ಯಾವ ಸುದ್ದಿಗೆ ಯಾರು ಎಂಬುದನ್ನು ಆರಿಸಿಕೊಳ್ಳುವುದು ಓದುವವನ ಕೆಲಸ. ಮೂರು ಸೈಟಿನಲ್ಲಿ ಮೂರಕ್ಕೆ ಮೂರೂ ಒಂದೇ ವಾಕ್ಯದಲ್ಲಿ ‘ಶಾಸಕರ ಅವಿರತ ಶ್ರಮದಿಂದ’ ಎಂದು ಶುರುವಾದರೆ, ಮೂವರು ವರದಿಗಾರರು ಹೋಗಿದ್ದರು ಅಂತ ತಿಳಿಯಬೇಡಿ. ಪತ್ರಿಕಾ ಪ್ರಕಟಣೆ ಒಂದು ಬಂದಿತ್ತು, ಮೂವರೂ ಅಂಟಿಸಿದ್ದಾರೆ. ಐಹೊಳೆಯನ್ನು ಬಿಜಾಪುರದಲ್ಲೇ ಉಳಿಸಿಕೊಂಡ ಹತ್ತು ಸೈಟುಗಳ ರೋಗವೇ ಇದು.

ಕಾಕಾ ಎಲ್ಲವನ್ನೂ ಸಮಾಧಾನದಿಂದ ಕೇಳಿದರು. ವಿಡಿಯೋ ಇನ್ನೊಮ್ಮೆ ನೋಡಿದರು.

“ಹಂಗಾದ್ರ ನವಿಲುತೀರ್ಥದ ಮಟ್ಟ ಇವತ್ತ ಎಷ್ಟೈತಿ, ಅದನ್ನ ಹೇಳು. ಬಾವಿ ಮೋಟರ್ ಮ್ಯಾಲೆ ಎತ್ತಿಡಬೇಕೋ ಬ್ಯಾಡೋ?”

ಅಳಿಯ ತೆಗೆದು ತೋರಿಸಿದ. ತುಂಬಲು ಇನ್ನೂ ಬಹಳ ಬಾಕಿಯಿತ್ತು. ಕಾಕಾ ಮೋಟರಿನ ಚಿಂತೆ ಬಿಟ್ಟು ಎದ್ದರು. ಅವರು ಬಾಗಿಲು ದಾಟುವುದರೊಳಗೆ ನನ್ನ ಮೊಬೈಲು ಟಿಂಗ್ ಅಂತು. ಓಣಿಯ ಗ್ರೂಪಿಗೆ ಕಾಕಾ ಕಳಿಸಿದ್ದು ಅದೇ ವಿಡಿಯೋ. ಕೆಳಗೆ ಹೊಸದಾಗಿ ಒಂದು ಸಾಲು ಮಾತ್ರ ಸೇರಿಸಿದ್ದರು: ‘ಇದು 2019ರದ್ದು, ಆದ್ರೂ ನೋಡ್ರಿ, ಭಾಳ ಚಲೋ ಬಂದೈತಿ.’